ಶಸ್ತ್ರಚಿಕಿತ್ಸೆಯ ಮೌಖಿಕ ಪರೀಕ್ಷೆ: ಒಂದು ಅಪೆಂಡಿಕ್ಸ್, ಮೂರು ಮೇಜು

ಎಂಬಿಬಿಎಸ್ ಅಂತಿಮ ಹಂತದ ಶಸ್ತ್ರಚಿಕಿತ್ಸಾ ಪರೀಕ್ಷೆಯಲ್ಲಿ ರೋಗಿಗಳ ತಪಾಸಣೆಯ ಭಾಗ ಮುಗಿದ ಬಳಿಕ ವಿದ್ಯಾರ್ಥಿಯು ಮೌಖಿಕ ಪರೀಕ್ಷೆಯನ್ನು ಎದುರಿಸಬೇಕಾಗುತ್ತದೆ. ಒಂದು ಮೇಜಿನ ಮೇಲೆ ಉಪಕರಣಗಳನ್ನು ಹರಡಿರುತ್ತಾರೆ. ಇನ್ನೊಂದರ ಮೇಲೆ ಗಾಜಿನ ಜಾಡಿಗಳಲ್ಲಿ ಶಸ್ತ್ರಕ್ರಿಯೆಯಿಂದ ತೆಗೆದ ಅಂಗಗಳ ಮಾದರಿಗಳಿರುತ್ತವೆ. ಮತ್ತೊಂದು ಮೇಜಿನಲ್ಲಿ ಸಾಮಾನ್ಯ ಶಸ್ತ್ರಕ್ರಿಯೆಯೊಂದರ ಹಂತಗಳನ್ನು ವಿವರಿಸುವಂತೆ ಕೇಳುತ್ತಾರೆ. ಕ್ಷ-ಕಿರಣ ಚಿತ್ರಗಳು ಇವುಗಳ ಜೊತೆಗೆ ಬರುತ್ತವೆ. ಪ್ರತಿ ಮೇಜಿನಲ್ಲಿ ಸಿಗುವ ಕಾಲಾವಕಾಶ ಕೆಲವೇ ನಿಮಿಷಗಳು.

ಬಹುತೇಕ ವಿದ್ಯಾರ್ಥಿಗಳು ಈ ಮೂರನ್ನೂ ಪ್ರತ್ಯೇಕ ಪಟ್ಟಿಗಳಾಗಿ ಕಂಠಪಾಠ ಮಾಡುತ್ತಾರೆ. ಪರೀಕ್ಷಕರಾದರೋ ಮೂರನ್ನೂ ಒಂದೇ ರೋಗಿಯ ಕಥೆಯ ಭಾಗಗಳಾಗಿ ನೋಡುತ್ತಾರೆ. ಉಪಕರಣದ ಪ್ರಶ್ನೆ ಶಸ್ತ್ರಕ್ರಿಯೆಗೂ, ಮಾದರಿಯ ಪ್ರಶ್ನೆ ಶಸ್ತ್ರಕ್ರಿಯೆಯ ನಂತರದ ತೊಂದರೆಗೂ ಜಾರುವುದು ಇದೇ ಕಾರಣದಿಂದ. ಆದ್ದರಿಂದ ಒಂದು ರೋಗವನ್ನು ಹಿಡಿದು ಮೂರು ಮೇಜುಗಳನ್ನೂ ದಾಟುವ ಅಭ್ಯಾಸ ಹೆಚ್ಚು ಫಲಕಾರಿ. ಇಲ್ಲಿ ಅಪೆಂಡಿಕ್ಸ್‌ನ ಉರಿಯೂತವನ್ನು ಉದಾಹರಣೆಯಾಗಿ ತೆಗೆದುಕೊಂಡು, ಉತ್ತರವನ್ನು ಹೇಗೆ ಕಟ್ಟಬೇಕು ಮತ್ತು ಪರೀಕ್ಷಕರು ಮುಂದೇನು ಕೇಳುತ್ತಾರೆ ಎಂಬುದನ್ನು ವಿವರಿಸಲಾಗಿದೆ.

ಮೊದಲ ಮೇಜು: ಬ್ಯಾಬ್‌ಕಾಕ್ ಫೋರ್ಸೆಪ್ಸ್

ಪರೀಕ್ಷಕರು ಉಪಕರಣವೊಂದನ್ನು ತೋರಿಸಿ 'ಇದೇನು?' ಎಂದು ಕೇಳಿದಾಗ ಅದನ್ನು ಕೈಗೆತ್ತಿಕೊಂಡು ಉತ್ತರಿಸಬೇಕು. ಮೇಜಿನ ಮೇಲಿದ್ದಂತೆಯೇ ನೋಡಿ ಹೆಸರು ಹೇಳುವವರು ಅಲ್ಲಿಸ್ ಮತ್ತು ಬ್ಯಾಬ್‌ಕಾಕ್ ಫೋರ್ಸೆಪ್ಸ್‌ಗಳ ನಡುವೆ ಎಡವುವುದು ಸಾಮಾನ್ಯ. ಎರಡರ ಹಿಡಿಕೆ ಒಂದೇ ತೆರನಾಗಿದೆ. ವ್ಯತ್ಯಾಸವಿರುವುದು ತುದಿಯಲ್ಲಿ ಮಾತ್ರ. ಅಲ್ಲಿಸ್‌ನ ತುದಿಯಲ್ಲಿ ಒಂದಕ್ಕೊಂದು ಹೊಂದಿಕೊಳ್ಳುವ ಸಣ್ಣ ಹಲ್ಲುಗಳಿವೆ. ಬ್ಯಾಬ್‌ಕಾಕ್‌ನ ತುದಿ ಅಗಲವಾಗಿ ಬಾಗಿದ್ದು, ನಡುವೆ ಕಿಂಡಿಯಿದೆ. ಕಚ್ಚುವ ಅಂಚಿನಲ್ಲಿ ಹಲ್ಲುಗಳಿಲ್ಲ, ಅಡ್ಡಗೆರೆಗಳು ಮಾತ್ರ ಇವೆ.

ಉತ್ತರವನ್ನು ಈ ಕ್ರಮದಲ್ಲಿ ಕಟ್ಟಬಹುದು: ಹೆಸರು, ಗುರುತಿಸಿದ ಲಕ್ಷಣ, ಆ ಲಕ್ಷಣದಿಂದ ಒದಗುವ ಉಪಯೋಗ, ಶುದ್ಧೀಕರಣದ ವಿಧಾನ. 'ಇದು ಬ್ಯಾಬ್‌ಕಾಕ್ ಫೋರ್ಸೆಪ್ಸ್. ತುದಿ ಬಾಗಿದ್ದು ಕಿಂಡಿಯಿದೆ, ಹಲ್ಲುಗಳಿಲ್ಲ, ಹಿಡಿಕೆಯಲ್ಲಿ ರ‍್ಯಾಚೆಟ್ ಇದೆ. ಆದ್ದರಿಂದ ಇದು ಅಂಗಾಂಶವನ್ನು ಜಜ್ಜದೆ ಹಿಡಿಯುತ್ತದೆ. ಅಪೆಂಡಿಕ್ಸ್, ಕರುಳು, ಫೆಲೋಪಿಯನ್ ನಾಳದಂತಹ ಕೊಳವೆಯಾಕಾರದ ಮೃದು ಅಂಗಗಳನ್ನು ಹಿಡಿಯಲು ಬಳಕೆಯಾಗುತ್ತದೆ. ಆಟೋಕ್ಲೇವ್‌ನಲ್ಲಿ ಶುದ್ಧೀಕರಿಸುತ್ತಾರೆ.' ಇಷ್ಟು ಹೇಳಲು ಅರ್ಧ ನಿಮಿಷ ಸಾಕು. 'ಆದ್ದರಿಂದ' ಎಂಬ ಪದವೇ ಈ ಉತ್ತರದ ತಿರುಳು. ರಚನೆಯಿಂದ ಉಪಯೋಗವನ್ನು ತರ್ಕಿಸಿ ಹೇಳಿದ ವಿದ್ಯಾರ್ಥಿಯು ಉಪಕರಣವನ್ನು ಬಳಕೆಯಲ್ಲಿ ಕಂಡಿದ್ದಾನೆ ಎಂದು ಪರೀಕ್ಷಕರು ಗ್ರಹಿಸುತ್ತಾರೆ.

ಇದಾದ ನಂತರ ಬರುವ ಪ್ರಶ್ನೆಗಳು ಹೆಚ್ಚಾಗಿ ಮೂರು. ಮೊದಲನೆಯದು, ಹಾಗಾದರೆ ಅಲ್ಲಿಸ್‌ನಿಂದ ಕರುಳನ್ನು ಏಕೆ ಹಿಡಿಯಬಾರದು ಎಂಬುದು. ಹಲ್ಲುಗಳು ಕರುಳಿನ ಗೋಡೆಯನ್ನು ಚುಚ್ಚಿ ತೂತು ಮಾಡಬಲ್ಲವು, ಅಲ್ಲಿಸ್ ಇರುವುದು ಅಪೊನ್ಯೂರೋಸಿಸ್‌ನಂತಹ ಗಟ್ಟಿ ಪದರಗಳಿಗೆ ಎಂಬುದು ಉತ್ತರ. ಎರಡನೆಯದು, ಊದಿಕೊಂಡು ಮೆತ್ತಗಾದ ಅಪೆಂಡಿಕ್ಸನ್ನು ಬ್ಯಾಬ್‌ಕಾಕ್‌ನಿಂದ ಎಲ್ಲಿ ಹಿಡಿಯುತ್ತೀರಿ ಎಂಬುದು. ಇಲ್ಲಿ ಉಪಕರಣದ ಬಾಗು ಅಪೆಂಡಿಕ್ಸನ್ನು ಸುತ್ತುವರಿಯುವಂತಿರಬೇಕು, ಕಚ್ಚುವ ಅಂಚು ಅದರ ಪಕ್ಕದ ಮೀಸೋಅಪೆಂಡಿಕ್ಸ್ ಎಂಬ ಕೊಬ್ಬಿನ ಪದರದ ಮೇಲೆ ಬೀಳಬೇಕು. ನೇರವಾಗಿ ಅದುಮಿದರೆ ಒಳಗಿನ ಕೀವು ಹೊಟ್ಟೆಯೊಳಗೆ ಸಿಡಿಯುವ ಅಪಾಯವಿದೆ. ಕಿಂಡಿ ಏಕಿದೆ ಎಂಬುದಕ್ಕೂ ಇದೇ ವಿವರಣೆ: ಹಿಡಿದ ಅಂಗ ಉಬ್ಬಿಕೊಳ್ಳಲು ಅಲ್ಲಿ ಜಾಗವಿರುತ್ತದೆ.

ಮೂರನೆಯ ಪ್ರಶ್ನೆ ಆಟೋಕ್ಲೇವ್ ಕುರಿತದ್ದು. 121 ಡಿಗ್ರಿ ಸೆಲ್ಸಿಯಸ್ ತಾಪ, ಚದರ ಇಂಚಿಗೆ 15 ಪೌಂಡ್ ಒತ್ತಡ, 15ರಿಂದ 20 ನಿಮಿಷ ಎಂಬ ಅಂಕಿಗಳು ನಾಲಿಗೆಯ ಮೇಲಿರಬೇಕು. ಇದರ ಜೊತೆಗೆ ರ‍್ಯಾಚೆಟ್ ಬಿಚ್ಚಿದ ಸ್ಥಿತಿಯಲ್ಲಿ ಉಪಕರಣವನ್ನು ಒಳಗಿಡಬೇಕು, ಇಲ್ಲವಾದರೆ ಕಚ್ಚಿಕೊಂಡ ಅಂಚುಗಳ ನಡುವೆ ಹಬೆ ತಲುಪುವುದಿಲ್ಲ ಎಂದು ಹೇಳುವುದು ಒಳ್ಳೆಯದು. ಪುಸ್ತಕದ ಪಟ್ಟಿಯಲ್ಲಿ ಈ ಮಾತು ಅಪರೂಪ. ಶಸ್ತ್ರಕ್ರಿಯಾ ಕೊಠಡಿಯ ಸಿಸ್ಟರ್‌ಗಳನ್ನು ಕೇಳಿದರೆ ಮೊದಲು ಇದನ್ನೇ ಹೇಳುತ್ತಾರೆ.

ಎರಡನೆಯ ಮೇಜು: ಜಾಡಿಯೊಳಗಿನ ಮಾದರಿ

ಮಾದರಿಯ ಮೇಜಿನಲ್ಲಿ ಸಾಮಾನ್ಯ ತಪ್ಪೆಂದರೆ ರೋಗದ ಹೆಸರನ್ನು ಮೊದಲೇ ಹೇಳಿಬಿಡುವುದು. 'ಗ್ಯಾಂಗ್ರೀನ್ ಆದ ಅಪೆಂಡಿಕ್ಸ್' ಎಂದು ಹೇಳಿ ಸುಮ್ಮನಾದ ವಿದ್ಯಾರ್ಥಿಗೆ 'ಹೇಗೆ ಹೇಳುತ್ತೀರಿ?' ಎಂಬ ಪ್ರಶ್ನೆ ಕಾದಿರುತ್ತದೆ. ಮೊದಲು ಕಂಡದ್ದು, ಅನಂತರ ಅದು ಯಾವ ಅಂಗ ಎಂಬುದು, ಕೊನೆಗೆ ರೋಗ ಎಂಬ ಕ್ರಮವನ್ನು ಬಿಡಬಾರದು.

ಜಾಡಿಯನ್ನು ಎತ್ತಿ ಎಲ್ಲ ಬದಿಗಳಿಂದ ನೋಡುವುದು ಅವಶ್ಯ. ಒಂದು ಬದಿ ಸಹಜವಾಗಿದ್ದು ಇನ್ನೊಂದು ಬದಿಯಲ್ಲಿ ರಂಧ್ರವಿರುವ ಸಾಧ್ಯತೆಯಿದೆ. ಬಳಿಕ ಹೀಗೆ ವಿವರಿಸಬಹುದು: 'ಇದು ಸುಮಾರು 8 ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿಕೊಂಡಿರುವ ಕೊಳವೆಯಾಕಾರದ ಅಂಗ. ಒಂದು ಬದಿಯಲ್ಲಿ ಕೊಬ್ಬಿನ ಪದರ ಅಂಟಿಕೊಂಡಿದೆ. ಮುಚ್ಚಿದ ತುದಿ ಮತ್ತು ಈ ಪದರದ ಆಧಾರದಿಂದ ಇದು ಅಪೆಂಡಿಕ್ಸ್ ಎಂದು ಗುರುತಿಸುತ್ತೇನೆ. ಮೇಲ್ಮೈ ಸಹಜ ಹೊಳಪು ಕಳೆದುಕೊಂಡಿದ್ದು ಅಲ್ಲಲ್ಲಿ ಲೇಪದಂತಹ ಪೊರೆಯಿದೆ. ತುದಿಯ ಭಾಗ ಕಪ್ಪಾಗಿ ತೆಳುವಾಗಿದೆ. ಕೊಬ್ಬಿನ ಪದರಕ್ಕೆ ಎದುರಾದ ಅಂಚಿನಲ್ಲಿ ಒಂದು ರಂಧ್ರವಿದೆ. ಸೀಳಿದ ಭಾಗದಲ್ಲಿ ಗಟ್ಟಿಯಾದ ಮಲದ ಉಂಡೆ, ಅಂದರೆ ಫೀಕೋಲಿತ್ ಕಾಣುತ್ತದೆ. ರಂಧ್ರ ಅದರಿಂದ ತುದಿಯ ಕಡೆಗಿದೆ.' ಇಷ್ಟರ ನಂತರ ರೋಗದ ಹೆಸರನ್ನು ಹೇಳಿದರೆ ಪ್ರತಿ ಪದಕ್ಕೂ ಆಧಾರವಿರುತ್ತದೆ.

ಬಣ್ಣದ ವಿಷಯದಲ್ಲಿ ಎಚ್ಚರ ಬೇಕು. ಮಾದರಿಗಳನ್ನು ಸಾಮಾನ್ಯವಾಗಿ ಶೇಕಡಾ 10ರ ಫಾರ್ಮಲಿನ್‌ನಲ್ಲಿ ಇಟ್ಟಿರುತ್ತಾರೆ. ಅದರಲ್ಲಿ ಅಂಗದ ಸಹಜ ವರ್ಣ ಮಾಸುತ್ತದೆ, ರಕ್ತವಿದ್ದ ಕಡೆ ಕಂದು ಅಥವಾ ಕಪ್ಪು ಛಾಯೆ ಬರುತ್ತದೆ. ಹೀಗಾಗಿ ಬಣ್ಣವೊಂದನ್ನೇ ನಂಬಿ ಗ್ಯಾಂಗ್ರೀನ್ ಎನ್ನುವಂತಿಲ್ಲ. ಗೋಡೆ ತೆಳುವಾಗಿರುವುದು, ಹರಿದಿರುವುದು, ಮೇಲ್ಮೈಯಲ್ಲಿ ಪೊರೆಯಿರುವುದು ಹೆಚ್ಚು ವಿಶ್ವಾಸಾರ್ಹ ಚಿಹ್ನೆಗಳು.

ಇಲ್ಲಿಂದ ಪರೀಕ್ಷಕರು ಕಾರಣಗಳ ಕಡೆಗೆ ತಿರುಗುತ್ತಾರೆ. ತುದಿಯೇ ಏಕೆ ಕೊಳೆಯಿತು? ಅಪೆಂಡಿಕ್ಸ್‌ಗೆ ರಕ್ತ ಒದಗಿಸುವುದು ಇಲಿಯೋಕಾಲಿಕ್ ಧಮನಿಯ ಶಾಖೆಯಿಂದ ಹೊರಡುವ ಅಪೆಂಡಿಕ್ಯುಲರ್ ಧಮನಿ. ಇದು ಕೊನೆಯ ಧಮನಿಯಾದ್ದರಿಂದ, ಉರಿಯೂತದಿಂದ ಅದರಲ್ಲಿ ರಕ್ತ ಹೆಪ್ಪುಗಟ್ಟಿದರೆ ಬೇರೆ ದಾರಿಯಿಂದ ರಕ್ತ ಬರುವುದಿಲ್ಲ. ಫೀಕೋಲಿತ್ ಒಳದಾರಿಯನ್ನು ಮುಚ್ಚಿದಾಗ ಅದರಾಚೆ ಸ್ರಾವ ತುಂಬಿ ಒತ್ತಡ ಏರುತ್ತದೆ. ಗೋಡೆಯ ರಕ್ತಸಂಚಾರ ಕುಂಠಿತವಾಗಿ ಆ ಭಾಗವೇ ಮೊದಲು ಸಾಯುತ್ತದೆ. ರಂಧ್ರ ಫೀಕೋಲಿತ್‌ನಿಂದ ತುದಿಯ ಕಡೆಗಿರುವುದನ್ನು ಗಮನಿಸಿ ಹೇಳಿದ್ದು ಈ ಹಂತದಲ್ಲಿ ನೆರವಾಗುತ್ತದೆ.

ಇನ್ನೊಂದು ಮೆಚ್ಚಿನ ಪ್ರಶ್ನೆ: ತೆಗೆದ ಅಪೆಂಡಿಕ್ಸನ್ನು ರೋಗನಿದಾನ ಪ್ರಯೋಗಾಲಯಕ್ಕೆ ಏಕೆ ಕಳುಹಿಸಬೇಕು? ಬರಿಗಣ್ಣಿಗೆ ಸಾಮಾನ್ಯ ಉರಿಯೂತದಂತೆ ಕಂಡ ಅಪೆಂಡಿಕ್ಸ್‌ನ ತುದಿಯಲ್ಲಿ ಕಾರ್ಸಿನಾಯ್ಡ್ ಎಂದು ಹಿಂದೆ ಕರೆಯುತ್ತಿದ್ದ ನ್ಯೂರೋಎಂಡೋಕ್ರೈನ್ ಗಡ್ಡೆ ಪತ್ತೆಯಾಗಬಹುದು. ಗಡ್ಡೆ 1 ಸೆಂಟಿಮೀಟರ್‌ಗಿಂತ ಚಿಕ್ಕದಾಗಿ ತುದಿಯಲ್ಲಿದ್ದರೆ ಅಪೆಂಡಿಕ್ಸ್ ತೆಗೆದಷ್ಟೇ ಸಾಕು. 2 ಸೆಂಟಿಮೀಟರ್‌ಗಿಂತ ದೊಡ್ಡದಾಗಿದ್ದರೆ ದೊಡ್ಡ ಕರುಳಿನ ಬಲಭಾಗವನ್ನು ತೆಗೆಯುವ ಶಸ್ತ್ರಕ್ರಿಯೆಯನ್ನು ಸೂಚಿಸಲಾಗುತ್ತದೆ. ಇವೆರಡರ ನಡುವಿನ ಗಾತ್ರದಲ್ಲಿ ಗಡ್ಡೆ ಬುಡದಲ್ಲಿದೆಯೇ, ಮೀಸೋಅಪೆಂಡಿಕ್ಸ್‌ಗೆ ಹರಡಿದೆಯೇ ಎಂಬುದನ್ನು ನೋಡಿ ನಿರ್ಧರಿಸುತ್ತಾರೆ. ವರದಿಯನ್ನು ಓದದೆ ರೋಗಿಯನ್ನು ಮನೆಗೆ ಕಳುಹಿಸಿ ಮರೆತರೆ ಆಗುವ ನಷ್ಟವನ್ನು ಈ ಅಂಕಿಗಳು ಹೇಳುತ್ತವೆ.

ಮೂರನೆಯ ಮೇಜು: ಶಸ್ತ್ರಕ್ರಿಯೆಯ ಹಂತಗಳು

ಈಗ ಅಪೆಂಡಿಕ್ಸ್ ಶಸ್ತ್ರಕ್ರಿಯೆಗಳು ದೊಡ್ಡ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಲ್ಯಾಪರೋಸ್ಕೋಪ್ ಮೂಲಕವೇ ನಡೆಯುತ್ತವೆ. ಆದರೂ ಮೌಖಿಕ ಪರೀಕ್ಷೆಯಲ್ಲಿ ತೆರೆದ ಶಸ್ತ್ರಕ್ರಿಯೆಯನ್ನೇ ಕೇಳುವುದು ವಾಡಿಕೆ. ಹೊಟ್ಟೆಯ ಗೋಡೆಯ ಪದರಗಳು, ನರಗಳು, ಕರುಳಿನ ರಚನೆ ಎಲ್ಲವನ್ನೂ ಒಂದೇ ಉತ್ತರದಲ್ಲಿ ಅಳೆಯಲು ಅದು ಅನುಕೂಲಕರ.

ಉತ್ತರವನ್ನು ಚರ್ಮ ಕೊಯ್ಯುವುದರಿಂದ ಆರಂಭಿಸಬಾರದು. ಒಪ್ಪಿಗೆ ಪತ್ರ, ಬಾಯಿಯ ಮೂಲಕ ಏನನ್ನೂ ಕೊಡದಿರುವುದು, ರಕ್ತನಾಳದ ಮೂಲಕ ದ್ರವ, ಕೊಯ್ಯುವ ಮುನ್ನ ಪ್ರತಿಜೈವಿಕ ಔಷಧ, ಅರಿವಳಿಕೆ, ಅಂಗಾತ ಮಲಗಿಸಿ ಹೊಟ್ಟೆಯನ್ನು ಶುಚಿಗೊಳಿಸಿ ಬಟ್ಟೆ ಹೊದಿಸುವುದು, ಇವನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಂದೆ ಸಾಗಬೇಕು. ಅರಿವಳಿಕೆಯ ನಂತರ, ಹೊಟ್ಟೆಯ ಸ್ನಾಯುಗಳು ಸಡಿಲವಾದಾಗ, ಮತ್ತೊಮ್ಮೆ ಕೈಯಿಂದ ಮುಟ್ಟಿ ನೋಡುತ್ತೇನೆ ಎಂಬುದನ್ನು ಸೇರಿಸಬೇಕು. ಎಚ್ಚರವಿದ್ದಾಗ ಸಿಗದ ಗಂಟು ಆಗ ಸಿಗಬಹುದು.

ಕೊಯ್ಯುವ ಜಾಗವನ್ನು ಮೆಕ್‌ಬರ್ನಿ ಬಿಂದುವಿನಿಂದ ನಿರ್ಧರಿಸುತ್ತಾರೆ. ಹೊಕ್ಕುಳಿನಿಂದ ಸೊಂಟದ ಎಲುಬಿನ ಮುಂಚೂಣಿಯ ಮೇಲ್ತುದಿಗೆ ಎಳೆದ ಗೆರೆಯಲ್ಲಿ ಹೊರಗಿನ ಮೂರನೆಯ ಒಂದು ಭಾಗ ಮತ್ತು ಒಳಗಿನ ಮೂರನೆಯ ಎರಡು ಭಾಗ ಸೇರುವ ಸ್ಥಳವದು. ನ್ಯೂಯಾರ್ಕಿನ ಶಸ್ತ್ರವೈದ್ಯ ಚಾರ್ಲ್ಸ್ ಮೆಕ್‌ಬರ್ನಿ ಇದನ್ನು 1889ರಲ್ಲಿ ವಿವರಿಸಿದರು. ಗ್ರಿಡ್‌ಐರನ್ ಕೊಯ್ತ ಈ ಗೆರೆಗೆ ಲಂಬವಾಗಿ ಸಾಗುತ್ತದೆ. ಲ್ಯಾಂಜ್ ಕೊಯ್ತ ಅಡ್ಡಲಾಗಿ ಚರ್ಮದ ಮಡಿಕೆಯ ಗುಂಟ ಇರುತ್ತದೆ, ಕಲೆ ಕಡಿಮೆ ಕಾಣುತ್ತದೆ.

ಪದರಗಳನ್ನು ಹೇಳುವಾಗ ಯಾವುದನ್ನು ಕೊಯ್ಯುತ್ತೀರಿ, ಯಾವುದನ್ನು ಸೀಳುತ್ತೀರಿ ಎಂಬುದು ಸ್ಪಷ್ಟವಿರಬೇಕು. ಚರ್ಮ ಮತ್ತು ಕೊಬ್ಬಿನ ಪದರಗಳ ನಂತರ ಎಕ್ಸ್‌ಟರ್ನಲ್ ಆಬ್ಲಿಕ್‌ನ ಅಪೊನ್ಯೂರೋಸಿಸ್ಸನ್ನು ಅದರ ಎಳೆಗಳ ದಿಕ್ಕಿನಲ್ಲಿ ಕೊಯ್ಯುತ್ತಾರೆ. ಇಂಟರ್ನಲ್ ಆಬ್ಲಿಕ್ ಮತ್ತು ಟ್ರಾನ್ಸ್‌ವರ್ಸಸ್ ಸ್ನಾಯುಗಳನ್ನು ಕೊಯ್ಯದೆ ಎಳೆಗಳ ನಡುವೆ ಬಿಡಿಸುತ್ತಾರೆ. ಎಳೆ ಕತ್ತರಿಸದ ಕಾರಣ ಗಾಯ ಬಲವಾಗಿ ಕೂಡುತ್ತದೆ. ಕೊನೆಗೆ ಪೆರಿಟೋನಿಯಂ ಎಂಬ ಒಳಪೊರೆಯನ್ನು ಎರಡು ಆರ್ಟರಿ ಫೋರ್ಸೆಪ್ಸ್‌ಗಳಿಂದ ಎತ್ತಿ, ಕರುಳು ಸಿಕ್ಕಿಲ್ಲವೆಂದು ಖಚಿತಪಡಿಸಿಕೊಂಡು ತೆರೆಯುತ್ತಾರೆ.

ಒಳಗೆ ಮೊದಲು ಹುಡುಕುವುದು ಸೀಕಮ್ಮನ್ನು. ದೊಡ್ಡ ಕರುಳಿನ ಮೇಲೆ ಉದ್ದಕ್ಕೂ ಸಾಗುವ ಟೀನಿಯಾ ಎಂಬ ಪಟ್ಟಿಗಳಿಂದ ಅದನ್ನು ಗುರುತಿಸಿ, ಮುಂಭಾಗದ ಪಟ್ಟಿಯನ್ನೇ ಹಿಂಬಾಲಿಸಿದರೆ ಅಪೆಂಡಿಕ್ಸ್‌ನ ಬುಡ ಸಿಗುತ್ತದೆ. ತುದಿ ಎಲ್ಲಿಯೂ ಇರಬಹುದು, ಬುಡ ಮಾತ್ರ ಮೂರು ಪಟ್ಟಿಗಳು ಕೂಡುವಲ್ಲಿಯೇ ಇರುತ್ತದೆ. ಅಪೆಂಡಿಕ್ಸನ್ನು ಬ್ಯಾಬ್‌ಕಾಕ್‌ನಿಂದ ಹೊರತಂದು, ಮೀಸೋಅಪೆಂಡಿಕ್ಸನ್ನು ಕ್ಲ್ಯಾಂಪ್ ಹಾಕಿ ಕತ್ತರಿಸಿ ದಾರದಿಂದ ಕಟ್ಟುತ್ತಾರೆ. ಅನಂತರ ಬುಡವನ್ನು ಆರ್ಟರಿ ಫೋರ್ಸೆಪ್ಸ್‌ನಿಂದ ಜಜ್ಜಿ, ಅದನ್ನು ಬಿಚ್ಚಿ ತುಸು ಮುಂದೆ ತುದಿಯ ಕಡೆಗೆ ಮತ್ತೆ ಹಾಕುತ್ತಾರೆ. ಜಜ್ಜಿದ ತೋಡಿನಲ್ಲಿ ಕರಗುವ ದಾರ ಕಟ್ಟಿ, ದಾರ ಮತ್ತು ಫೋರ್ಸೆಪ್ಸ್‌ನ ನಡುವೆ ಕತ್ತರಿಸುತ್ತಾರೆ. ರಕ್ತಸ್ರಾವವಿಲ್ಲವೆಂದು ನೋಡಿ ಪದರ ಪದರವಾಗಿ ಮುಚ್ಚುತ್ತಾರೆ.

ಹಂತಗಳ ನಡುವೆ ಬರುವ ಪ್ರಶ್ನೆಗಳು

ಒಂದು ಮಾದರಿ ಸಂಭಾಷಣೆಯನ್ನು ಗಮನಿಸಬಹುದು.

'ಬುಡವನ್ನು ಏಕೆ ಜಜ್ಜಬೇಕು? ನೇರವಾಗಿ ಕಟ್ಟಿದರಾಗದೇ?'

'ಜಜ್ಜಿದಾಗ ಒಳಪದರ ಹರಿದು ಹಿಂದೆ ಸರಿಯುತ್ತದೆ, ಸರ್. ಗಟ್ಟಿಯಾದ ಹೊರಪದರಗಳು ಉಳಿದು ತೋಡಾಗುತ್ತವೆ. ಅಲ್ಲಿ ದಾರ ಜಾರದೆ ಕೂರುತ್ತದೆ.'

'ಬುಡವೇ ಗ್ಯಾಂಗ್ರೀನ್ ಆಗಿದ್ದರೆ?'

'ಜಜ್ಜುವುದಿಲ್ಲ, ಸರ್. ಅಂತಹ ಅಂಗಾಂಶದಲ್ಲಿ ದಾರ ಕೊಯ್ದುಕೊಂಡು ಹೋಗುತ್ತದೆ. ಬುಡದ ಪಕ್ಕದ ಆರೋಗ್ಯವಂತ ಸೀಕಮ್ ಗೋಡೆಯಲ್ಲಿ ಹೊಲಿಗೆ ಹಾಕಿ ಮುಚ್ಚಬೇಕು. ಅಗತ್ಯವಿದ್ದರೆ ಸೀಕಮ್‌ನ ಸ್ವಲ್ಪ ಭಾಗವನ್ನೂ ತೆಗೆಯಬೇಕಾಗುತ್ತದೆ.'

'ಹಾಗೆ ಮಾಡದಿದ್ದರೆ ಏನಾಗುತ್ತದೆ?'

'ಬುಡದಿಂದ ಮಲ ಸೋರಬಹುದು, ಸರ್. ಪೆರಿಟೋನಿಯಂನ ಉರಿಯೂತ ಅಥವಾ ಮಲದ ಫಿಸ್ಟುಲಾ ಆಗುವ ಸಂಭವವಿದೆ.'

'ಬುಡವನ್ನು ಸೀಕಮ್‌ನೊಳಗೆ ಹುದುಗಿಸಿ ಹೊಲಿಯುತ್ತೀರಾ?'

'ಪರ್ಸ್‌ಸ್ಟ್ರಿಂಗ್ ಹೊಲಿಗೆಯಿಂದ ಹುದುಗಿಸುವ ಪದ್ಧತಿ ಇದೆ, ಸರ್. ಕೇವಲ ಕಟ್ಟಿ ಬಿಡುವುದಕ್ಕಿಂತ ಅದರಿಂದ ಹೆಚ್ಚಿನ ಪ್ರಯೋಜನ ಕಂಡುಬಂದಿಲ್ಲ. ಸೀಕಮ್ ಗೋಡೆ ಊದಿದ್ದರೆ ಮಾಡಲೇಬಾರದು.'

ಪ್ರತಿ ಪ್ರಶ್ನೆಯೂ ಹಿಂದಿನ ಉತ್ತರದಿಂದಲೇ ಹುಟ್ಟಿದೆ ಎಂಬುದನ್ನು ಇಲ್ಲಿ ಕಾಣಬಹುದು. 'ಏಕೆ', 'ಹಾಗಿಲ್ಲದಿದ್ದರೆ', 'ಮಾಡದಿದ್ದರೆ' ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಹಂತಕ್ಕೂ ತಾನೇ ಕೇಳಿಕೊಂಡು ಅಭ್ಯಸಿಸಿದ ವಿದ್ಯಾರ್ಥಿಗೆ ಪರೀಕ್ಷಕರ ದಾರಿ ಮೊದಲೇ ತಿಳಿದಿರುತ್ತದೆ.

ಈ ವಿಧಾನವನ್ನು ಬೇರೆ ಹಂತಗಳಿಗೂ ಅನ್ವಯಿಸಬಹುದು. ಸ್ನಾಯು ಬಿಡಿಸುವ ಹಂತದಲ್ಲಿ ಕೈತಪ್ಪಿದರೆ ಇಲಿಯೋಇಂಗ್ವಿನಲ್ ಮತ್ತು ಇಲಿಯೋಹೈಪೋಗ್ಯಾಸ್ಟ್ರಿಕ್ ನರಗಳಿಗೆ ಪೆಟ್ಟಾಗುತ್ತದೆ. ಸ್ನಾಯು ದುರ್ಬಲವಾಗಿ ಕೆಲಕಾಲದ ನಂತರ ಬಲಭಾಗದಲ್ಲಿ ಡೈರೆಕ್ಟ್ ಇಂಗ್ವಿನಲ್ ಹರ್ನಿಯಾ ಬರಬಹುದು. ಮೀಸೋಅಪೆಂಡಿಕ್ಸ್ ಕಟ್ಟುವಾಗ ದಾರ ಜಾರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತದೆ. ಪೋಸ್ಟೀರಿಯರ್ ಸೀಕಲ್ ಧಮನಿಯಿಂದ ಬರುವ, ಶೇಷಾಚಲಂ ಅವರ ಹೆಸರಿನಿಂದ ಕರೆಯಲಾಗುವ ಹೆಚ್ಚುವರಿ ಧಮನಿಯನ್ನು ಇಲ್ಲಿ ನೆನಪಿಸಿದರೆ ಪರೀಕ್ಷಕರಿಗೆ ಸಂತೋಷವಾಗುತ್ತದೆ.

'ಹೊಟ್ಟೆ ತೆರೆದಾಗ ಅಪೆಂಡಿಕ್ಸ್ ಸಹಜವಾಗಿದ್ದರೆ?' ಎಂಬುದು ಮತ್ತೊಂದು ನಿಶ್ಚಿತ ಪ್ರಶ್ನೆ. ನೋವಿಗೆ ಬೇರೆ ಕಾರಣ ಹುಡುಕದೆ ಮುಚ್ಚುವಂತಿಲ್ಲ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಕ್ರೋನ್ಸ್ ಕಾಯಿಲೆಯ ಚಿಹ್ನೆಗಳಿವೆಯೇ, ಮೀಸೆಂಟರಿಯ ಗ್ರಂಥಿಗಳು ಊದಿವೆಯೇ ಎಂದು ನೋಡಬೇಕು. ಸೀಕಮ್‌ನಿಂದ ಹಿಂದಕ್ಕೆ ಸುಮಾರು 60 ಸೆಂಟಿಮೀಟರ್‌ವರೆಗೆ ಕರುಳನ್ನು ಪರೀಕ್ಷಿಸಿ ಮೆಕೆಲ್ಸ್ ಡೈವರ್ಟಿಕ್ಯುಲಂ ಇದೆಯೇ ಎಂದು ಹುಡುಕಬೇಕು. ಮಹಿಳೆಯಾದರೆ ಅಂಡಾಶಯ ಮತ್ತು ಫೆಲೋಪಿಯನ್ ನಾಳಗಳನ್ನು ನೋಡಲೇಬೇಕು.

ಐದನೆಯ ದಿನದ ಜ್ವರ

ಮೌಖಿಕ ಪರೀಕ್ಷೆಯ ಕೊನೆಯ ಪ್ರಶ್ನೆ ಹೆಚ್ಚಾಗಿ ವಾರ್ಡಿನಿಂದ ಬರುತ್ತದೆ. ಎರಡನೆಯ ಮೇಜಿನ ಜಾಡಿಯಲ್ಲಿದ್ದ, ರಂಧ್ರವಾದ ಆ ಅಪೆಂಡಿಕ್ಸ್‌ನ ರೋಗಿಗೆ ಶಸ್ತ್ರಕ್ರಿಯೆಯಾಗಿ ಐದು ದಿನಗಳಾಗಿವೆ. ಸಂಜೆಯ ಹೊತ್ತಿಗೆ ಜ್ವರ ಏರಿಳಿಯುತ್ತಿದೆ. ಲೋಳೆಯೊಂದಿಗೆ ಪದೇ ಪದೇ ಭೇದಿಯಾಗುತ್ತಿದೆ. 'ನೀವು ಕರ್ತವ್ಯದಲ್ಲಿರುವ ಹೌಸ್ ಸರ್ಜನ್. ಏನು ಮಾಡುತ್ತೀರಿ?'

ಭೇದಿಗೆ ಮಾತ್ರೆ ಬರೆಯುತ್ತೇನೆ ಎಂದವರು ಇಲ್ಲಿ ಸೋಲುತ್ತಾರೆ. ಮೊದಲು ಗಾಯದ ಪಟ್ಟಿ ಬಿಚ್ಚಿ ನೋಡಬೇಕು. ಅಪೆಂಡಿಕ್ಸ್ ಶಸ್ತ್ರಕ್ರಿಯೆಯ ನಂತರ ಅತ್ಯಂತ ಸಾಮಾನ್ಯವಾದ ತೊಂದರೆ ಗಾಯದ ಸೋಂಕು, ಅದು ನಾಲ್ಕನೆಯ ಅಥವಾ ಐದನೆಯ ದಿನದ ಸುಮಾರಿಗೆ ಕೆಂಪು ಮತ್ತು ನೋವಿನೊಂದಿಗೆ ಕಾಣಿಸಿಕೊಳ್ಳುತ್ತದೆ. ಗಾಯ ಶುಚಿಯಾಗಿದ್ದರೆ ಎದೆ, ಕಾಲಿನ ಮೀನಖಂಡ ಮತ್ತು ಡ್ರಿಪ್ ಹಾಕಿದ ಜಾಗವನ್ನು ಪರೀಕ್ಷಿಸಬೇಕು. ಅನಂತರ ಮರೆಯದೆ ಗುದದ್ವಾರದ ಮೂಲಕ ಬೆರಳಿನ ಪರೀಕ್ಷೆ ಮಾಡಬೇಕು. ಮುಂಭಾಗದ ಗೋಡೆಯಲ್ಲಿ ಮೆತ್ತಗಿನ, ಮುಟ್ಟಿದರೆ ನೋಯುವ ಉಬ್ಬು ಸಿಕ್ಕಿದರೆ ಅದು ಕಿಬ್ಬೊಟ್ಟೆಯ ತಳದಲ್ಲಿ ಶೇಖರವಾದ ಕೀವು. ಕೀವು ಮಲಾಶಯವನ್ನು ಕೆರಳಿಸುವುದರಿಂದಲೇ ಲೋಳೆಯ ಭೇದಿಯಾಗುತ್ತಿದೆ. ಅಲ್ಟ್ರಾಸೌಂಡ್ ಅಥವಾ ಸಿಟಿ ಸ್ಕ್ಯಾನ್‌ನಿಂದ ಖಚಿತಪಡಿಸಿಕೊಂಡು, ಪ್ರತಿಜೈವಿಕ ಔಷಧದೊಂದಿಗೆ ಕೀವನ್ನು ಹೊರಹರಿಸಬೇಕು. ಹಿರಿಯ ಶಸ್ತ್ರವೈದ್ಯರಿಗೆ ಕೂಡಲೇ ತಿಳಿಸುತ್ತೇನೆ ಎಂಬ ಮಾತೂ ಉತ್ತರದಲ್ಲಿರಬೇಕು. ಅದಿಲ್ಲದ ಉತ್ತರವನ್ನು ಪರೀಕ್ಷಕರು ಅಪೂರ್ಣವೆಂದು ಎಣಿಸುತ್ತಾರೆ.

ಅಭ್ಯಾಸದ ಕ್ರಮ

ಹೀಗೆ ಒಂದು ಜಾಡಿ ಒಂದು ಉಪಕರಣಕ್ಕೆ, ಉಪಕರಣ ಶಸ್ತ್ರಕ್ರಿಯೆಗೆ, ಶಸ್ತ್ರಕ್ರಿಯೆ ವಾರ್ಡಿನ ಹಾಸಿಗೆಗೆ ಕೊಂಡೊಯ್ಯುತ್ತದೆ. ಹರ್ನಿಯಾ, ಪಿತ್ತಕೋಶದ ಕಲ್ಲು, ಥೈರಾಯ್ಡ್ ಗಂಟು, ಸ್ತನದ ಗಡ್ಡೆ ಇವುಗಳಿಗೂ ಇದೇ ಬಗೆಯ ಸರಪಳಿಯನ್ನು ಕಟ್ಟಿಕೊಳ್ಳಬಹುದು. ಒಂದು ದಿನಕ್ಕೆ ಒಂದು ಸರಪಳಿ ಸಾಕು.

ಅಭ್ಯಾಸಕ್ಕೆ ಇಬ್ಬರಿರುವುದು ಉತ್ತಮ. ಒಬ್ಬರು ಉತ್ತರಿಸುವಾಗ ಇನ್ನೊಬ್ಬರು 'ಏಕೆ' ಎಂದಷ್ಟೇ ಕೇಳುತ್ತ ಹೋಗಬೇಕು. ಉತ್ತರ ನಿಂತ ಜಾಗವನ್ನು ಗುರುತು ಹಾಕಿಕೊಂಡು ಅದನ್ನು ಮಾತ್ರ ಪುಸ್ತಕದಲ್ಲಿ ಓದಬೇಕು. ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲಿಯಾದರೂ, ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳು ಕಾರ್ಯಕಾರಣದ ಸರಪಳಿಯನ್ನು ಮೊದಲು ಕನ್ನಡದಲ್ಲಿ ಹೇಳಿ ನೋಡಿ, ಅದು ತಡೆಯಿಲ್ಲದೆ ಬಂದ ಮೇಲೆ ಇಂಗ್ಲಿಷಿನಲ್ಲಿ ಚಿಕ್ಕ ವಾಕ್ಯಗಳಿಗೆ ಇಳಿಸಿಕೊಳ್ಳಬಹುದು. ಪರೀಕ್ಷೆಗೆ ಮುನ್ನ ಒಮ್ಮೆಯಾದರೂ ಶಸ್ತ್ರಕ್ರಿಯಾ ಕೊಠಡಿಯಲ್ಲಿ ಅಪೆಂಡಿಕ್ಸ್ ಶಸ್ತ್ರಕ್ರಿಯೆಯನ್ನು ಕೊನೆಯವರೆಗೆ ನಿಂತು ನೋಡಿ, ಅದೇ ರೋಗಿಯನ್ನು ಐದನೆಯ ದಿನ ವಾರ್ಡಿನಲ್ಲಿ ಮಾತನಾಡಿಸಿ ಬರಬೇಕು.